ಸರಾಸರಿಯ ವಯಸ್ಸು, ಗಡುವಿನ ವಯಸ್ಸು: ರೋಣ ಸೀಮೆಯ ಕೂಸುಗಳೂ ಪರೀಕ್ಷೆಯ ಪ್ರಶ್ನೆಗಳೂ

ಮಕ್ಕಳ ವೈದ್ಯಶಾಸ್ತ್ರದ ಪರೀಕ್ಷೆಗಳಲ್ಲಿ ಬೇರೆ ಬೇರೆ ವೇಷ ಹಾಕಿಕೊಂಡು ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. 13 ತಿಂಗಳ ಮಗು, ಗೋಡೆ ಹಿಡಿದು ನಿಲ್ಲುತ್ತದೆ, ಎರಡು ಮಾತು ಆಡುತ್ತದೆ, ಕರೆದರೆ ತಿರುಗಿ ನೋಡುತ್ತದೆ, ಆದರೆ ಇನ್ನೂ ತಾನಾಗಿ ನಡೆಯುವುದಿಲ್ಲ. ತಾಯಿ ಗಾಬರಿಯಾಗಿದ್ದಾಳೆ. ನೀವು ಏನು ಮಾಡುತ್ತೀರಿ? ಥೈರಾಯ್ಡ್ ಪರೀಕ್ಷೆ, ಮೆದುಳಿನ ಎಂಆರ್‌ಐ, ನರರೋಗ ತಜ್ಞರಲ್ಲಿಗೆ ಕಳಿಸುವುದು, ಧೈರ್ಯ ಹೇಳಿ ಕೆಲವು ತಿಂಗಳ ನಂತರ ಮತ್ತೆ ನೋಡುವುದು, ಇವು ನಾಲ್ಕು ಆಯ್ಕೆಗಳು. ಸರಿಯುತ್ತರ ಕೊನೆಯದು. ಆದರೆ ಕಷ್ಟಪಟ್ಟು ಓದಿದ ವಿದ್ಯಾರ್ಥಿಗಳೇ ಇಲ್ಲಿ ಎಡವುತ್ತಾರೆ. ನಡೆಯುವುದು 12 ತಿಂಗಳಿಗೆ ಎಂದು ಕೋಷ್ಟಕ ಬಾಯಿಪಾಠ ಮಾಡಿದವರಿಗೆ 13 ತಿಂಗಳಾದರೂ ನಡೆಯದ ಮಗು ರೋಗಿಯಂತೆಯೇ ಕಾಣುತ್ತದೆ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಲ್ಲಿ ಈ ಕೋಷ್ಟಕವನ್ನು ಓದುವವರು ಒಂದೇ ಬಗೆಯವರಲ್ಲ. ಇಲ್ಲಿಂದ ಗದಗ, ಹುಬ್ಬಳ್ಳಿ, ಬಾಗಲಕೋಟೆಗೆ ಹೋಗಿ ಎಂಬಿಬಿಎಸ್ ಓದುವವರಿದ್ದಾರೆ, ನರ್ಸಿಂಗ್ ಓದುವವರಿದ್ದಾರೆ. ರೋಣದಲ್ಲೂ ಗಜೇಂದ್ರಗಡದಲ್ಲೂ ಆಯುರ್ವೇದ ಕಾಲೇಜುಗಳಿವೆ, ಅಲ್ಲಿ ಇದೇ ವಿಷಯವನ್ನು ಕೌಮಾರಭೃತ್ಯ ಎಂದು ಓದುತ್ತಾರೆ. ಆಯುರ್ವೇದ ಓದುವವರಿಗೆ ಇದು ಬೇಕಿಲ್ಲವೆಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡುವ ಸಂಚಾರಿ ತಂಡದಲ್ಲಿರುವುದು ಆಯುಷ್ ವೈದ್ಯರೇ. ಹಳ್ಳಿಯ ಮಗುವಿನ ಬೆಳವಣಿಗೆ ಹಿಂದೆ ಬಿದ್ದಿದೆಯೇ ಎಂಬ ಪ್ರಶ್ನೆಗೆ ಮೊದಲ ಉತ್ತರ ಕೊಡಬೇಕಾದವರು ಅವರು. ಪರೀಕ್ಷೆಯಲ್ಲಿ ಒಂದು ಅಂಕ ತಪ್ಪಿಸಿದ ಗೊಂದಲವೇ ಅಂಗನವಾಡಿಯಲ್ಲೂ ಒಂದು ಮಗುವನ್ನು ತಪ್ಪಿಸುತ್ತದೆ.

ಗೊಂದಲದ ಮೂಲ ಇದು. ಪುಸ್ತಕದ ಕೋಷ್ಟಕದಲ್ಲಿರುವುದು ಸರಾಸರಿಯ ವಯಸ್ಸು, ಅಂದರೆ ಸುಮಾರು ಅರ್ಧದಷ್ಟು ಮಕ್ಕಳು ಆ ಕೆಲಸ ಕಲಿತಿರುವ ವಯಸ್ಸು. ಗೋಣು ನಿಲ್ಲುವುದು 3 ತಿಂಗಳು, ಬೋರಲು ಬೀಳುವುದು 5, ಕೈಯೂರಿ ಕೂಡುವುದು 6, ಆಸರೆಯಿಲ್ಲದೆ ಕೂಡುವುದು 8, ಹಿಡಿದು ನಿಲ್ಲುವುದು 9, ನಡೆಯುವುದು 12ರಿಂದ 13. ಇದರಲ್ಲಿ ತಪ್ಪೇನಿಲ್ಲ. ಆದರೆ ಅರ್ಧದಷ್ಟು ಮಕ್ಕಳು ಈ ವಯಸ್ಸಿನ ನಂತರವೇ ಕಲಿಯುತ್ತಾರೆ, ಅವರಲ್ಲಿ ಬಹುಪಾಲು ಮಕ್ಕಳು ಆರೋಗ್ಯವಂತರೇ. ಮಗುವನ್ನು ತಜ್ಞರಿಗೆ ತೋರಿಸಬೇಕೇ ಎಂದು ನಿರ್ಧರಿಸಲು ಬೇಕಾದದ್ದು ಇನ್ನೊಂದು ಸಂಖ್ಯೆ. ಬಹುಪಾಲು ಎಲ್ಲ ಮಕ್ಕಳೂ ಕಲಿತು ಮುಗಿಸಿರುವ ವಯಸ್ಸು ಅದು. ಅದನ್ನು ನಾನು ಗಡುವಿನ ವಯಸ್ಸು ಎಂದು ಕರೆಯುತ್ತೇನೆ. ನಡೆಯುವುದಕ್ಕೆ ಗಡುವು 18 ತಿಂಗಳು. ಆಸರೆಯಿಲ್ಲದೆ ಕೂಡುವುದಕ್ಕೆ 10 ತಿಂಗಳು, ಹಿಡಿದು ನಿಲ್ಲುವುದಕ್ಕೆ 12, ಏನನ್ನೂ ಹಿಡಿಯದೆ ನಿಲ್ಲುವುದಕ್ಕೆ 17, ಅರ್ಥವಿರುವ ಒಂದು ಮಾತಿಗೆ 18. ಕಣ್ಣಿಟ್ಟು ನೋಡಿ ಹಿಂಬಾಲಿಸುವುದಕ್ಕೆ ಗಡುವು ತೀರ ಬೇಗ, 2 ತಿಂಗಳಿಗೇ ಮುಗಿಯುತ್ತದೆ. ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಯಾವಾಗ ಎಂದಿದ್ದರೆ ಮೊದಲ ಸಂಖ್ಯೆ, ಯಾವಾಗ ಚಿಂತಿಸಬೇಕು ಎಂದಿದ್ದರೆ ಎರಡನೆಯದು. ಎರಡನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರೆದುಕೊಂಡು ಓದಿದವರು ಎಡವುವುದು ಕಡಿಮೆ.

ಗಡುವಿನ ಸಂಖ್ಯೆಗಳನ್ನು ಯಾರೋ ಅಂದಾಜಿನಿಂದ ಹೇಳಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ 5 ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಮತ್ತೆ ಮತ್ತೆ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಭಾರತದ ಪರವಾಗಿ ಅದರಲ್ಲಿ ದೆಹಲಿಯ ಮಕ್ಕಳಿದ್ದರು. ತಾನಾಗಿ ನಡೆಯುವುದು ಎಂದರೆ ಏನನ್ನೂ ಹಿಡಿಯದೆ ಕನಿಷ್ಠ 5 ಹೆಜ್ಜೆ ಇಡುವುದು ಎಂದು ಅವರು ಮೊದಲೇ ಗೊತ್ತುಮಾಡಿಕೊಂಡಿದ್ದರು. ನೂರರಲ್ಲಿ ತೀರ ಮುಂಚೆ ನಡೆದ ಒಂದು ಮಗು, ತೀರ ತಡವಾಗಿ ನಡೆದ ಒಂದು ಮಗು ಇವರಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ 8.2ರಿಂದ 17.6 ತಿಂಗಳ ನಡುವೆ ನಡೆದರು. ಎರಡರ ನಡುವೆ ಒಂಬತ್ತು ತಿಂಗಳಿಗೂ ಹೆಚ್ಚು ಅಂತರವಿದೆ. ಓಣಿಯಲ್ಲಿ ಪಕ್ಕದ ಮನೆಯ ಕೂಸು ಒಂಬತ್ತಕ್ಕೇ ಓಡಾಡಿತು, ನಮ್ಮದು ಹದಿನೈದಾದರೂ ಇಲ್ಲ ಎಂದು ಅತ್ತೆ ಸೊಸೆಯರ ನಡುವೆ ನಡೆಯುವ ಮಾತಿಗೆ ಈ ಅಂತರವೇ ಉತ್ತರ.

ಇದೇ ಅಧ್ಯಯನ ಅಂಬೆಗಾಲಿನ ಬಗ್ಗೆಯೂ ಒಂದು ಮುಖ್ಯ ವಿಷಯ ತೋರಿಸಿತು. ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿಡಲೇ ಇಲ್ಲ, ಕುಳಿತಲ್ಲಿಂದ ನೇರವಾಗಿ ಎದ್ದು ನಿಂತು ನಡೆದರು. ಕೆಲವು ಮಕ್ಕಳು ಕುಂಡೆಯ ಮೇಲೆಯೇ ಸರಿದು ಸರಿದು ಮನೆಯೆಲ್ಲ ಸುತ್ತುತ್ತವೆ. ಅದಕ್ಕೇ 2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ತನ್ನ ಪಟ್ಟಿಯನ್ನು ತಿದ್ದಿದಾಗ ಅಂಬೆಗಾಲನ್ನೇ ಬಿಟ್ಟುಬಿಟ್ಟಿತು. ಜೊತೆಗೆ, ಅರ್ಧದಷ್ಟು ಮಕ್ಕಳ ಲೆಕ್ಕ ಬಿಟ್ಟು ನೂರಕ್ಕೆ 75 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಕಲಿತಿರುವ ವಯಸ್ಸನ್ನು ಬರೆಯಲು ನಿರ್ಧರಿಸಿತು. ಸುಮ್ಮನೆ ಕಾಯುತ್ತ ಕೂಡುವುದು ಕಡಿಮೆಯಾಗಲಿ ಎಂಬುದು ಅವರ ಉದ್ದೇಶ. ಹೀಗಾಗಿ 10 ತಿಂಗಳಿಗೆ ಅಂಬೆಗಾಲಿಡದ ಮಗುವನ್ನು ಅಪಾಯದ ಗುರುತೆಂದು ತೋರಿಸುವ ಹಳೆಯ ಪ್ರಶ್ನೆ ಈಗಲೂ ಎಲ್ಲಾದರೂ ಕಂಡರೆ ಅದು ಪ್ರಶ್ನೆ ತೆಗೆದವರ ದೋಷ. ಒಂದು ಮಾತು ಮಾತ್ರ ಸೇರಿಸಬೇಕು. ಒಂದು ಕಾಲು ಎಳೆದುಕೊಂಡು, ಒಂದೇ ಕೈ ಊರಿಕೊಂಡು ಹರಿದಾಡುವ ಮಗುವಿನ ಅಂಬೆಗಾಲು ಯಾವ ತಿಂಗಳಲ್ಲಿ ಬಂದಿದ್ದರೂ ಅನುಮಾನಕ್ಕೆ ಕಾರಣವೇ.

ಕೌಮಾರಭೃತ್ಯ ಓದುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕಾಶ್ಯಪ ಸಂಹಿತೆಯ ಪ್ರಕಾರ ಒಂದು ವರ್ಷ ತುಂಬಿದರೂ ಕಾಲಿನಿಂದ ನಡೆಯದ ಮಗುವಿಗೆ ಫಕ್ಕ ರೋಗ. ತಾಯಿಯ ಹಾಲಿನ ದೋಷದಿಂದ ಬರುವುದು, ಗರ್ಭದ ಕಾರಣದಿಂದ ಬರುವುದು, ಬೇರೆ ರೋಗದ ನಂತರ ಬರುವುದು ಎಂದು ಅದರಲ್ಲಿ ಮೂರು ಬಗೆ ಹೇಳಿದ್ದಾರೆ. ನಡೆಸಲು ಮೂರು ಗಾಲಿಯ ಫಕ್ಕರಥವನ್ನೂ ಹೇಳಿದ್ದಾರೆ. ಸಂಹಿತೆಯ ಪ್ರಶ್ನೆಗೆ ಒಂದು ವರ್ಷ ಎಂದೇ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವಿದ್ಯಾರ್ಥಿ ಮುಂದೆ ಸಂಚಾರಿ ತಂಡದ ವೈದ್ಯನಾಗಿ ಹಳ್ಳಿಗೆ ಹೋದಾಗ, ಬೇರೆ ಯಾವ ಕೊರತೆಯೂ ಇಲ್ಲದೆ 13 ತಿಂಗಳಿಗೆ ನಡೆಯದ ಮಗುವಿಗೆ ಫಕ್ಕವೆಂದು ಹೆಸರಿಟ್ಟರೆ ಒಂದು ಮನೆಗೆ ವೃಥಾ ಭಯ ಹುಟ್ಟಿಸಿದಂತಾಗುತ್ತದೆ. ಸಂಹಿತೆಯ ವಿವರಣೆಯನ್ನು ಪೂರ್ತಿ ಓದಿದರೆ ಫಕ್ಕ ಎಂದರೆ ಬರೀ ತಡವಾಗಿ ನಡೆಯುವುದಲ್ಲ, ಸೊರಗಿದ, ಹೊಟ್ಟೆ ಉಬ್ಬಿದ, ಕಾಲು ಬಡಕಲಾದ ಮಗುವಿನ ಚಿತ್ರ ಅಲ್ಲಿದೆ. ಆ ಚಿತ್ರ ಬಿಟ್ಟು ವಯಸ್ಸನ್ನಷ್ಟೇ ಬಾಯಿಪಾಠ ಮಾಡಿಸುವುದು ಸಂಹಿತೆಗೂ ನ್ಯಾಯವಲ್ಲ.

ಈಗ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬರುವ ಕೇಸಿನ ಹಾಗೆ ಇದನ್ನು ನಾನೇ ಕಟ್ಟಿದ್ದೇನೆ, ಆದರೆ ಇದರ ಒಂದೊಂದು ಎಳೆಯೂ ನಮ್ಮ ಕಡೆಯ ತಾಯಂದಿರು ಮಾತಾಡುವ ರೀತಿಯದು. ರೋಣ ತಾಲೂಕಿನ ಹಳ್ಳಿಯೊಂದರಿಂದ ತಾಯಿ ಹೆಣ್ಣು ಕೂಸನ್ನು ಎತ್ತಿಕೊಂಡು ಕಾರಹುಣ್ಣಿಮೆಯ ಹೊತ್ತಿಗೆ ಬರುತ್ತಾಳೆ. ಕೂಸು ಹುಟ್ಟಿದ್ದು ಹಿಂದಿನ ವರ್ಷದ ದವನದ ಹುಣ್ಣಿಮೆಗೆ, ದಿನ ತುಂಬುವ ಮೊದಲೇ, 32 ವಾರಕ್ಕೆ.

ತಾಯಿಯನ್ನು ಎಷ್ಟನೇ ತಿಂಗಳಿಗೆ ಗೋಣು ನಿಂತಿತು ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ, ಅಥವಾ ಕೇಳಿದವರು ಒಪ್ಪುವಂಥ ಸಂಖ್ಯೆಯೊಂದನ್ನು ಹೇಳುತ್ತಾಳೆ. ಪರೀಕ್ಷೆಯಲ್ಲಿ ಅನೇಕರು ಆ ಸಂಖ್ಯೆಯನ್ನೇ ಬರೆದುಕೊಂಡು ಮುಂದೆ ಹೋಗುತ್ತಾರೆ. ಹಬ್ಬ ಹಿಡಿದು ಕೇಳಿದರೆ ಚಿತ್ರ ಬೇರೆಯಾಗುತ್ತದೆ.

“ತಂಗಿ, ಚೌತಿಗೆ ಗಣಪ್ಪನ್ನ ಕೂಡಿಸಿದಾಗ ಕೂಸಿನ ಗೋಣ ನಿಂತಿತ್ತೇನು?”

“ಹೂಂ ರೀ ಡಾಕ್ಟರ, ಆಗ ಎತ್ತಿ ತೋರಿಸಿದ್ವಿ, ಗೋಣ ನಿಂತಿತ್ರಿ. ಎಳ್ಳಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋದಾಗ ಕೈ ಊರಿ ಕುಂತಿತ್ರಿ. ಶಿವರಾತ್ರಿಗೆ ಕೈ ಬಿಟ್ಟ ಕುಂತು ಆಡತಿತ್ರಿ.”

ಲೆಕ್ಕ ಹಾಕಿ. ದವನದ ಹುಣ್ಣಿಮೆಯಿಂದ ಚೌತಿಗೆ ನಾಲ್ಕೂವರೆ ತಿಂಗಳು, ಎಳ್ಳಮಾಸಿಗೆ ಎಂಟು, ಶಿವರಾತ್ರಿಗೆ ಹತ್ತು, ಈಗಿನ ಕಾರಹುಣ್ಣಿಮೆಗೆ ಸುಮಾರು 14. ಹಾಗೆಯೇ ಕೋಷ್ಟಕದ ಪಕ್ಕದಲ್ಲಿಟ್ಟರೆ ಪ್ರತಿಯೊಂದು ಘಟ್ಟವೂ ಎರಡು ತಿಂಗಳಷ್ಟು ಹಿಂದೆ ಕಾಣುತ್ತದೆ. ಆ ಎರಡು ತಿಂಗಳೇ ಈ ಪ್ರಶ್ನೆಯ ಮೊದಲ ಕೀಲಿ. 40 ವಾರ ಹೊಟ್ಟೆಯಲ್ಲಿರಬೇಕಾದ ಕೂಸು 32ಕ್ಕೆ ಬಂದಿದೆ, 8 ವಾರ ಮುಂಚೆ. ಅದನ್ನು ಕಳೆದರೆ ತಿದ್ದಿದ ವಯಸ್ಸು 12 ತಿಂಗಳು. ಎರಡು ವರ್ಷ ತುಂಬುವವರೆಗೆ ಬೆಳವಣಿಗೆಯನ್ನು ಅಳೆಯಬೇಕಾದದ್ದು ಈ ತಿದ್ದಿದ ವಯಸ್ಸಿನಿಂದ. ಹಾಗೆ ಅಳೆದರೆ ಗೋಣು ಎರಡೂವರೆ ತಿಂಗಳಿಗೆ, ಕೈಯೂರಿ ಕೂಡುವುದು ಆರಕ್ಕೆ, ಆಸರೆಯಿಲ್ಲದೆ ಕೂಡುವುದು ಎಂಟಕ್ಕೆ. ಎಲ್ಲವೂ ಸರಿಯಾದ ಹೊತ್ತಿಗೇ ಬಂದಿವೆ.

ಈಗ ಕೂಸು ಹಿಡಿದು ನಿಲ್ಲುತ್ತದೆ, ಆದರೆ ಗೋಡೆ ಹಿಡಿದು ಹೆಜ್ಜೆ ಸರಿಸುವುದಿಲ್ಲ. ಅದು ಸುಮಾರು 9 ತಿಂಗಳ ಕೂಸಿನ ಮಟ್ಟ. ಬೆಳವಣಿಗೆಯ ಅಂಕ ತೆಗೆಯಲು ಮಟ್ಟದ ವಯಸ್ಸನ್ನು ಮಗುವಿನ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 70ಕ್ಕಿಂತ ಕೆಳಗಾದರೆ ಹಿಂದುಳಿದಿದೆ ಎಂದರ್ಥ. 9ನ್ನು 14ರಿಂದ ಭಾಗಿಸಿದವನಿಗೆ 64 ಬರುತ್ತದೆ, ಅವನು ಹಿಂದುಳಿದಿದೆ ಎಂದು ಬರೆಯುತ್ತಾನೆ. 12ರಿಂದ ಭಾಗಿಸಿದವನಿಗೆ 75 ಬರುತ್ತದೆ, ಅವನು ಸರಿಯಿದೆ ಎಂದು ಬರೆಯುತ್ತಾನೆ. ಎರಡನೆಯವನ ಲೆಕ್ಕ ಸರಿ. ಮಾತೂ ಅವನ ಕಡೆಗೇ ಇದೆ. ಕೂಸು ಅವ್ವ ಎನ್ನುತ್ತದೆ, ಬಾ ಎನ್ನುತ್ತದೆ, ಟಾಟಾ ಮಾಡುತ್ತದೆ, ಹೆಸರು ಹಿಡಿದು ಕರೆದರೆ ತಿರುಗುತ್ತದೆ.

ಲೆಕ್ಕ ಸರಿಮಾಡಿದ ವಿದ್ಯಾರ್ಥಿ ಇಲ್ಲಿಗೆ ನಿಲ್ಲಿಸಿ ತಾಯಿಗೆ ಧೈರ್ಯ ಹೇಳಿ ಕಳಿಸಿದರೆ ಪ್ರಶ್ನೆಯಲ್ಲಿ ಸೋಲುತ್ತಾನೆ, ಕೂಸಿಗೂ ನಷ್ಟ ಮಾಡುತ್ತಾನೆ. ಯಾಕೆಂದರೆ ತಾಯಿ ಏಳುವಾಗ ಇನ್ನೊಂದು ಮಾತು ಹೇಳಿದ್ದಾಳೆ: “ಏನ ಕೊಟ್ರೂ ಎಡಗೈಲೇ ಇಸ್ಕೋತೈತ್ರಿ, ಎಡಚ ಆಗತೈತೇನ್ರಿ?” ಎಡಚರಾಗುವುದು ರೋಗವಲ್ಲ. ಆದರೆ ಒಂದು ವರ್ಷದ ಕೂಸಿಗೆ ಎಡಗೈ ಬಲಗೈ ಎಂಬ ಭೇದ ಇರಬಾರದು. ಹತ್ತಿರವಿರುವ ಕೈ ಯಾವುದೋ ಅದರಿಂದ ಹಿಡಿಯಬೇಕು. ಒಂದೇ ಕೈಯ ಆಯ್ಕೆ ನೆಲೆಗೊಳ್ಳುವುದು ಎರಡು ಮೂರು ವರ್ಷದ ನಂತರ. ಒಂದು ವರ್ಷದ ಒಳಗೇ, ಅಷ್ಟೇಕೆ ಒಂದೂವರೆ ವರ್ಷದ ಒಳಗೆ ಕಂಡರೂ, ಅದು ಎಡಗೈಯ ಜಾಣ್ಮೆಯಲ್ಲ, ಬಲಗೈಯ ದೌರ್ಬಲ್ಯ ಎಂದು ಮೊದಲು ಯೋಚಿಸಬೇಕು.

ಪರೀಕ್ಷಿಸಲು ಯಂತ್ರ ಬೇಡ. ಒಂದು ಚುರುಮುರಿ ಕಾಳನ್ನು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಇಡಿ. ಶೇಂಗಾ ಬೇಡ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಲಕ್ಕಿಟ್ಟದ್ದನ್ನೂ ಮೈ ತಿರುಗಿಸಿ ಎಡಗೈಯಿಂದಲೇ ಎತ್ತಿದರೆ ಎಡಗೈಯನ್ನು ಮೆಲ್ಲಗೆ ಹಿಡಿದು ನೋಡಿ. ಬಲಗೈ ಮುಷ್ಟಿಯಾಗಿಯೇ ಇದ್ದು ಹೆಬ್ಬೆರಳು ಒಳಗೆ ಮಡಚಿಕೊಂಡಿದ್ದರೆ ಅದು ಎರಡನೆಯ ಗುರುತು, ಮುಷ್ಟಿ ಮೂರನೆಯ ತಿಂಗಳ ಹೊತ್ತಿಗೇ ಬಿಚ್ಚಿರಬೇಕಿತ್ತು. ಆಮೇಲೆ ಕೂಸಿನ ನಡು ಹಿಡಿದು ಮುಖ ಕೆಳಗಾಗಿ ಮೇಜಿನ ಕಡೆಗೆ ಸರ್ರನೆ ಇಳಿಸಿ. ಎಂಟೊಂಬತ್ತು ತಿಂಗಳು ದಾಟಿದ ಕೂಸು ಬೀಳುವ ಭಯಕ್ಕೆ ಎರಡೂ ಕೈ ಚಾಚಿ ಅಂಗೈ ಬಿಚ್ಚುತ್ತದೆ. ಈ ಕೂಸಿನ ಎಡಗೈ ಚಾಚುತ್ತದೆ, ಬಲಗೈ ಮಡಚಿಕೊಂಡೇ ಇರುತ್ತದೆ. ಇಷ್ಟಾದರೆ ಉತ್ತರ ಸಿಕ್ಕಿತು: ಬಲಭಾಗದ ಸೆರೆಬ್ರಲ್ ಪಾಲ್ಸಿ, ಪೆಟ್ಟು ಮೆದುಳಿನ ಎಡಭಾಗಕ್ಕೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಲ್ಲಿ ಮೆದುಳಿನ ಒಳಗಿನ ಕುಹರಗಳ ಪಕ್ಕದಲ್ಲಿ ಆಗುವ ರಕ್ತಸ್ರಾವ ಇದಕ್ಕೆ ಪರಿಚಿತ ಕಾರಣ.

ಈ ಪ್ರಶ್ನೆಯನ್ನು ನಾನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ವಯಸ್ಸಿನ ಯಾವ ಗಡುವನ್ನೂ ಈ ಕೂಸು ಮೀರಿಲ್ಲ, ಆದರೂ ಇದಕ್ಕೆ ತುರ್ತಾಗಿ ಚಿಕಿತ್ಸೆ ಬೇಕು. ಕೆಲಸ ಯಾವಾಗ ಬಂತು ಎನ್ನುವಷ್ಟೇ ಮುಖ್ಯ ಅದು ಹೇಗೆ ಬಂತು ಎನ್ನುವುದು. ಎರಡು ವರ್ಷವಾಗಲಿ, ಆಮೇಲೆ ಹೆಸರಿಡೋಣ ಎಂಬ ಹಳೆಯ ರೂಢಿಯನ್ನು ಈಗ ವೈದ್ಯಶಾಸ್ತ್ರ ಬಿಟ್ಟಿದೆ. ಒಂದು ವರ್ಷದ ಒಳಗೇ ಗುರುತಿಸಬಹುದು, ಗುರುತಿಸಬೇಕು. ದಿನಕ್ಕೆ ಸ್ವಲ್ಪ ಹೊತ್ತು ಗಟ್ಟಿಯಿರುವ ಕೈಗೆ ಮೆತ್ತನೆಯ ಕೈಚೀಲ ತೊಡಿಸಿ ಬಲಹೀನವಾದ ಕೈಯಿಂದಲೇ ಆಟ ಆಡಿಸುವ ಚಿಕಿತ್ಸೆಯೂ ಇದೆ. ಫಿಜಿಯೋಥೆರಪಿಯವರು ತೋರಿಸಿಕೊಟ್ಟರೆ ಮನೆಯಲ್ಲೇ ಮುಂದುವರಿಸಬಹುದು. ಮೆದುಳು ಬೆಳೆಯುತ್ತಿರುವ ತಿಂಗಳುಗಳಲ್ಲೇ ಅದು ಶುರುವಾಗಬೇಕು.

ಮಾತಿನ ಪ್ರಶ್ನೆಗಳಿಗೆ ಬಂದರೆ ಹೆಚ್ಚು ಅಂಕ ಕಳೆಯುವುದೂ ಹೆಚ್ಚು ಕಾಲ ಕಳೆಯುವುದೂ ಒಂದೇ ತಪ್ಪಿನಿಂದ. 20 ತಿಂಗಳ ಮಗು, ನಡೆಯುತ್ತದೆ, ಆಡುತ್ತದೆ, ಒಂದು ಮಾತೂ ಇಲ್ಲ. ಮೊದಲು ಏನು ಮಾಡುತ್ತೀರಿ? ಸ್ಪೀಚ್ ಥೆರಪಿ ಎಂದು ಬರೆಯುವವರು ಬಹಳ. ಮೊದಲು ಮಾಡಬೇಕಾದದ್ದು ಕಿವಿಯ ಪರೀಕ್ಷೆ, ಬೆರಾ ಎಂದು ಕರೆಯುವ ಪರೀಕ್ಷೆ. ಹುಟ್ಟು ಕಿವುಡಿರುವ ಕೂಸು ಮೊದಲ ತಿಂಗಳುಗಳಲ್ಲಿ ಎಲ್ಲರಂತೆಯೇ ಊಂ ಆಂ ಎನ್ನುತ್ತದೆ, ಕೇಕೆ ಹಾಕುತ್ತದೆ. ತನ್ನ ದನಿಯನ್ನು ತಾನೇ ಕೇಳದ ಕಾರಣ ಆರು ತಿಂಗಳ ನಂತರ ಅದು ಮೆಲ್ಲಗೆ ಕುಗ್ಗುತ್ತ ಹೋಗುತ್ತದೆ. ಮನೆಯವರಿಗೆ ಮೊದಲಿನ ದನಿ ನೆನಪಿರುತ್ತದೆ, ಆದ್ದರಿಂದ ಕಿವಿಯ ಮೇಲೆ ಅನುಮಾನ ಬರುವುದಿಲ್ಲ. ಬಾಗಿಲು ಬಡಿದರೆ ತಿರುಗುತ್ತದೆ ಎನ್ನುತ್ತಾರೆ, ಅದು ನೆಲದ ಕಂಪನಕ್ಕೋ ನೆರಳಿಗೋ ತಿರುಗಿರುತ್ತದೆ. ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ಮಾಡುವ ಪರೀಕ್ಷೆಯನ್ನು ನಂಬಿ ಕೂಡಬೇಡಿ.

ನಮ್ಮ ಭಾಗದಲ್ಲಿ ಇದಕ್ಕೆ ಒತ್ತು ಕೊಡಲು ಇನ್ನೂ ಎರಡು ಕಾರಣಗಳಿವೆ. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಇಲ್ಲಿ ಇನ್ನೂ ರೂಢಿಯಲ್ಲಿದೆ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಪ್ರಶ್ನೆಯಲ್ಲಿ ತಂದೆ ತಾಯಿ ಸಂಬಂಧಿಗಳು ಎಂಬ ಸಾಲು ಕಂಡರೆ ಅದು ಅಲಂಕಾರಕ್ಕೆ ಬಂದಿರುವುದಿಲ್ಲ. ಎರಡನೆಯದು, ಅವರಪ್ಪನೂ ತಡವಾಗಿಯೇ ಮಾತಾಡಿದ್ದ ಎಂಬ ಅಜ್ಜಿಯ ಮಾತು. ಅದು ಕೆಲವು ಮನೆಗಳಲ್ಲಿ ನಿಜವೇ ಇರಬಹುದು, ಆದರೆ ಕಿವಿ ಪರೀಕ್ಷೆಯಾಗುವವರೆಗೆ ಆ ಮಾತಿಗೆ ಬೆಲೆ ಕೊಡಬಾರದು. ಕಿವುಡನ್ನು ಮೊದಲ ತಿಂಗಳಲ್ಲಿ ಜಾಲಿಸಬೇಕು, 3 ತಿಂಗಳಿಗೆ ಖಚಿತಪಡಿಸಬೇಕು, 6 ತಿಂಗಳಿಗೆ ಯಂತ್ರ ಅಥವಾ ಚಿಕಿತ್ಸೆ ಶುರುವಾಗಬೇಕು. ಈ 1, 3, 6ರ ಸೂತ್ರವನ್ನು ಪರೀಕ್ಷೆಗಳಲ್ಲಿ ಕೇಳುತ್ತಾರೆ. ಎರಡು ವರ್ಷದವರೆಗೆ ಕಾದವರಿಗೆ ಆ ಸೂತ್ರದಿಂದ ಪ್ರಯೋಜನವಿಲ್ಲ.

ಕಿವಿ ಸರಿಯಿದ್ದರೆ ನೋಡಬೇಕಾದದ್ದು ಮಾತಿನ ಎಣಿಕೆಗಿಂತ ಹೆಚ್ಚಾಗಿ ಮಗು ಬೆರಳು ಚಾಚಿ ತೋರಿಸುತ್ತದೆಯೇ, ಕಣ್ಣಿಟ್ಟು ನೋಡುತ್ತದೆಯೇ, ಬಾ ಎಂದರೆ ಬರುತ್ತದೆಯೇ ಎಂಬುದನ್ನು. ಒಂದು ವರ್ಷಕ್ಕೆ ತೊದಲೂ ಇಲ್ಲ, ಸನ್ನೆಯೂ ಇಲ್ಲ, ಎರಡು ವರ್ಷಕ್ಕೆ ಎರಡು ಮಾತು ಜೋಡಿಸುವುದಿಲ್ಲ ಎಂದರೆ ಆಟಿಸಂ ಕಡೆಗೂ ನೋಡಬೇಕು. ಗಜೇಂದ್ರಗಡದ ಸುತ್ತಲಿನ ತಾಂಡಾಗಳಲ್ಲಿ ಮನೆಯೊಳಗೆ ಲಂಬಾಣಿ, ಹೊರಗೆ ಕನ್ನಡ. ಮುಸ್ಲಿಂ ಮನೆಗಳಲ್ಲಿ ಉರ್ದು ಮತ್ತು ಕನ್ನಡ. ಎರಡು ಭಾಷೆಯಿಂದ ಮಾತು ತಡವಾಯಿತು ಎಂಬ ಉತ್ತರ ಆಯ್ಕೆಗಳಲ್ಲಿದ್ದರೆ ಅದನ್ನು ಬಿಡಿ. ಎರಡೂ ಭಾಷೆಯ ಮಾತುಗಳನ್ನು ಕೂಡಿಸಿ ಎಣಿಸಿದರೆ ಆರೋಗ್ಯವಂತ ಮಗುವಿನ ಎಣಿಕೆ ಗಡುವಿನೊಳಗೇ ಇರುತ್ತದೆ. ಕನ್ನಡದ ಮಾತನ್ನು ಮಾತ್ರ ಎಣಿಸಿ ತಾಂಡಾದ ಮಗುವನ್ನು ಹಿಂದುಳಿದಿದೆ ಎಂದು ಬರೆದುಕೊಳ್ಳುವುದು ಅನ್ಯಾಯ.

ಇದುವರೆಗೆ ಹೇಳಿದ್ದೆಲ್ಲ ತಡವಾಗಿ ಬಂದದ್ದರ ಬಗ್ಗೆ. ಬಂದದ್ದು ಹೋದರೆ ಕಥೆಯೇ ಬೇರೆ. ಅದಕ್ಕೆ ಗಡುವಿನ ವಯಸ್ಸೇ ಇಲ್ಲ, ಯಾವ ವಯಸ್ಸಿನಲ್ಲಿ ಕಂಡರೂ ಅಪಾಯ. ಪರೀಕ್ಷೆಗಳಲ್ಲಿ ಮೆಚ್ಚಿನ ಪ್ರಶ್ನೆಯೊಂದಿದೆ: 10 ತಿಂಗಳ ಕೂಸು, ನೋಡಲು ದುಂಡಗೆ ಇದೆ, ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ, ತಾಯಿ ಮಾಂಸ ಮೊಟ್ಟೆ ತಿನ್ನುವವಳಲ್ಲ. ಕೂಸು ಮೊದಲು ನಗುತ್ತಿತ್ತು, ಕೂಡುತ್ತಿತ್ತು, ಈಗ ನಗುವುದಿಲ್ಲ, ಕೂಡುವುದಿಲ್ಲ, ಮೈ ಬಿಳಚಿದೆ, ಬೆರಳ ಗೆಣ್ಣುಗಳು ಕಪ್ಪಾಗಿವೆ, ಕೂದಲು ವಿರಳವಾಗಿ ಬಣ್ಣಗೆಟ್ಟಿದೆ, ಕೈ ತಲೆ ನಡುಗುತ್ತವೆ, ನಿದ್ದೆಯಲ್ಲಿ ನಡುಕ ನಿಲ್ಲುತ್ತದೆ. ಇದು ಇನ್ಫೆಂಟೈಲ್ ಟ್ರೆಮರ್ ಸಿಂಡ್ರೋಮ್, ಇದರ ಮುಖ್ಯ ಕಾರಣವೆಂದು ತಿಳಿದಿರುವುದು ವಿಟಮಿನ್ ಬಿ12 ಕೊರತೆ. ತಾಯಿಯ ಮೈಯಲ್ಲೇ ಬಿ12 ಇಲ್ಲದಿದ್ದರೆ ಅವಳ ಹಾಲಿನಲ್ಲೂ ಇರುವುದಿಲ್ಲ. ಮಾಂಸ ಮುಟ್ಟದ ಮನೆಗಳು ಬಹಳವಿರುವ, ಮನೆಯ ಹೈನನ್ನೆಲ್ಲ ಡೇರಿಗೆ ಹಾಕಿ ಬಾಣಂತಿಗೆ ಹಾಲು ಮೊಸರು ಕಡಿಮೆ ಮಾಡುವ ಊರುಗಳಲ್ಲಿ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಿ12 ಕೊಟ್ಟರೆ ಕೂಸು ಕೆಲವೇ ದಿನಗಳಲ್ಲಿ ಚುರುಕಾಗುತ್ತದೆ, ನಡುಕ ವಾರಗಳಲ್ಲಿ ಹೋಗುತ್ತದೆ. ತಡ ಮಾಡಿದರೆ ಬುದ್ಧಿಯ ಬೆಳವಣಿಗೆಯಲ್ಲಾದ ನಷ್ಟ ಪೂರ್ತಿ ತುಂಬದೆ ಉಳಿಯಬಹುದು. ತಾಯಿಗೂ ಬಿ12 ಕೊಡಬೇಕು ಎಂಬ ಸಾಲನ್ನು ಉತ್ತರದಲ್ಲಿ ಬಿಡುವವರು ಬಹಳ, ಬಿಡಬಾರದು. ಆರು ತಿಂಗಳಿಗೆ ಮೇಲಾಹಾರ ಶುರುಮಾಡುವುದೂ ಇದೇ ಉತ್ತರದ ಭಾಗ.

ಇದರ ಪಕ್ಕದಲ್ಲೇ ನೆನಪಿಡಬೇಕಾದದ್ದು ಆರು ತಿಂಗಳ ಆಚೀಚೆ ಕೂಸು ತಲೆ ಬಗ್ಗಿಸಿ ಎರಡೂ ಕೈ ಚಾಚಿ ಸಾಲು ಸಾಲಾಗಿ ಬೆಚ್ಚಿದಂತೆ ಮಾಡುವುದು, ಅದರಲ್ಲೂ ನಿದ್ದೆಯಿಂದ ಎದ್ದ ಕೂಡಲೇ. ಮನೆಯಲ್ಲಿ ಹೊಟ್ಟೆನೋವು, ಹೆದರಿಕೆ, ದೃಷ್ಟಿ ಎನ್ನುತ್ತಾರೆ. ಜೊತೆಗೆ ನಗುವೂ ನಿಂತಿದ್ದರೆ ಅದು ಇನ್ಫೆಂಟೈಲ್ ಸ್ಪಾಸಂ ಎಂಬ ಮೂರ್ಛೆ, ದಿನ ಲೆಕ್ಕ ಹಾಕಿ ಚಿಕಿತ್ಸೆ ಮಾಡಬೇಕಾದದ್ದು. ಮೊಬೈಲಿನಲ್ಲಿ ಆ ಬೆಚ್ಚುವಿಕೆಯ ವಿಡಿಯೊ ಹಿಡಿದು ತನ್ನಿ ಎಂದು ತಾಯಿಗೆ ಹೇಳುವುದು ದೊಡ್ಡ ಉಪಕಾರ.

ಇಷ್ಟನ್ನೆಲ್ಲ ಅಂಗನವಾಡಿಯಲ್ಲಿ ಜಾಲಿಸಲು ನಮ್ಮ ದೇಶದಲ್ಲೇ ಮಾಡಿದ ಸರಳ ಸಾಧನಗಳಿವೆ. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರು ಭಾರತದ ಮಕ್ಕಳನ್ನೇ ನೋಡಿ ಬೆಳವಣಿಗೆಯ ಮಾನಕಗಳನ್ನು ತಯಾರಿಸಿದರು. ಅದರಿಂದ 17 ಅಂಶಗಳನ್ನು ಆರಿಸಿಕೊಂಡು ತಿರುವನಂತಪುರದ ಮಕ್ಕಳ ಅಭಿವೃದ್ಧಿ ಕೇಂದ್ರದವರು 1991ರಲ್ಲಿ ಎರಡು ವರ್ಷದವರೆಗಿನ ಮಕ್ಕಳಿಗೆ ಒಂದೇ ಪುಟದ ಪಟ್ಟಿ ಮಾಡಿದರು. ಪ್ರತಿ ಅಂಶಕ್ಕೂ ಒಂದು ಅಡ್ಡಪಟ್ಟಿ, ಅದರ ಬಲತುದಿ ನೂರಕ್ಕೆ 97 ಮಕ್ಕಳು ಕಲಿತಿರುವ ವಯಸ್ಸು. ಮಗುವಿನ ವಯಸ್ಸಿನಲ್ಲಿ ಪೆನ್ಸಿಲ್ಲಿನಿಂದ ಮೇಲಿನಿಂದ ಕೆಳಗೆ ಗೆರೆ ಎಳೆದು, ಆ ಗೆರೆಯ ಎಡಕ್ಕೆ ಪೂರ್ತಿ ಮುಗಿದುಹೋದ ಪಟ್ಟಿಯ ಕೆಲಸವನ್ನು ಮಗು ಮಾಡದಿದ್ದರೆ ಮುಂದಕ್ಕೆ ಕಳಿಸಬೇಕು. ಗಡುವಿನ ವಯಸ್ಸಿನ ಮೇಲೆಯೇ ಕಟ್ಟಿದ ಸಾಧನ ಇದು. ಇದನ್ನು ತುಂಬಲು ಕೆಲವೇ ನಿಮಿಷ ಸಾಕು. ಆದರೆ ಮೇಲೆ ಹೇಳಿದ ಬಲಗೈಯ ಕೂಸನ್ನು ಈ ಪಟ್ಟಿ ಹಿಡಿಯುವುದಿಲ್ಲ, ಅದಕ್ಕೆ ಕಣ್ಣೇ ಬೇಕು.

ಪಠ್ಯಪುಸ್ತಕಗಳು ಒಂದರೊಡನೊಂದು ಹೊಂದುವುದಿಲ್ಲ ಎಂಬ ವಿದ್ಯಾರ್ಥಿಗಳ ದೂರಿನಲ್ಲಿ ಸತ್ಯವಿದೆ. ಆಸರೆಯಿಲ್ಲದೆ ಕೂಡುವುದು ನಮ್ಮ ಪುಸ್ತಕಗಳಲ್ಲಿ 8 ತಿಂಗಳು, ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಸರಾಸರಿ 6. ಕೈ ಊರದೆ 10 ಸೆಕೆಂಡ್ ಕುಳಿತರೂ ಕುಳಿತಂತೆಯೇ ಎಂದು ಅಧ್ಯಯನದವರು ಎಣಿಸಿದರು. ನಮ್ಮ ಪುಸ್ತಕದವರ ಕೂಡುವುದು ಇನ್ನೂ ಗಟ್ಟಿಯಾಗಿ ಕೂತು ಆಡುವುದು. ಪ್ರಶ್ನೆ ತೆಗೆಯುವವರು ಒಂದು ತಿಂಗಳ ಆಚೀಚೆಯ ವ್ಯತ್ಯಾಸಕ್ಕೆ ಅಂಕ ಕತ್ತರಿಸುವ ಪ್ರಶ್ನೆಗಳನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. 8 ಸರಿ, 9 ತಪ್ಪು ಎಂದು ಕಲಿತವರಿಂದ ಯಾವ ಕೂಸಿಗೂ ಲಾಭವಿಲ್ಲ. ಕೂಸಿನ ಕಥೆ ಕೊಟ್ಟು, ಕಳಿಸುತ್ತೀರಾ ಕಾಯುತ್ತೀರಾ, ಯಾಕೆ ಎಂದು ಕೇಳುವ ಪ್ರಶ್ನೆಗಳು ಹೆಚ್ಚಾಗಬೇಕು.

ಪರೀಕ್ಷೆಗೆ ಕೂಡುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನನ್ನ ವಿನಂತಿ ಇಷ್ಟು. ಬೆಳವಣಿಗೆಯ ಯಾವ ಪ್ರಶ್ನೆ ಬಂದರೂ ಉತ್ತರ ಪತ್ರಿಕೆಯ ಮೊದಲ ಸಾಲಿನಲ್ಲಿ ತಿದ್ದಿದ ವಯಸ್ಸು ಬರೆಯಿರಿ. ಎರಡನೆಯ ಸಾಲಿನಲ್ಲಿ ಬಂದದ್ದು ಏನಾದರೂ ಹೋಗಿದೆಯೇ ಎಂದು ಬರೆಯಿರಿ, ಮೂರನೆಯದರಲ್ಲಿ ಎಡಬಲ ಒಂದೇ ಆಗಿದೆಯೇ ಎಂದು. ಆಮೇಲೆ ಕೋಷ್ಟಕ ತೆರೆಯಿರಿ. ಮುಂದೆ ನೀವು ರೋಣದ ಆಸ್ಪತ್ರೆಯಲ್ಲೋ ನರಗುಂದದ ಅಂಗನವಾಡಿಯಲ್ಲೋ ಕೂಸು ನೋಡುವಾಗಲೂ ಇದೇ ಕ್ರಮ ಇಟ್ಟುಕೊಳ್ಳಿ. ಅನುಮಾನ ಬಂದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಬರೆದುಕೊಡಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆಯೂ ಚಿಕಿತ್ಸೆಯೂ 18 ವರ್ಷದವರೆಗೆ ಉಚಿತ ಎಂಬುದನ್ನು ತಾಯಿಗೆ ಬಾಯಿಬಿಟ್ಟು ಹೇಳಿ ಕಳಿಸಿ.